ವಿಷಯ: ಆಫರ್ ಲೆಟರ್‌ನ ಕೆಲವು ಷರತ್ತುಗಳ ಬಗ್ಗೆ ಸ್ಪಷ್ಟನೆ ಕೋರಿ

ಸುಮಾ ಮೇಡಂ, ನಮಸ್ಕಾರ.

ನಿನ್ನೆ ಸಂಜೆ ಕಳುಹಿಸಿದ ಆಫರ್ ಲೆಟರ್ ತಲುಪಿತು, ಧನ್ಯವಾದಗಳು. ಹುದ್ದೆಯಾಗಲಿ, ಒಟ್ಟು ಸಂಬಳವಾಗಲಿ ಮಾತಾಡಿಕೊಂಡಂತೆಯೇ ಇದೆ, ಅದರಲ್ಲಿ ತಕರಾರಿಲ್ಲ. ಸಹಿ ಹಾಕುವ ಮೊದಲು ಕೆಲವು ಷರತ್ತುಗಳು ನನಗೆ ಸ್ಪಷ್ಟವಾಗಬೇಕಿದೆ.

ಮುಖ್ಯವಾದದ್ದು ವೇರಿಯಬಲ್ ಪೇ. ವಾರ್ಷಿಕ 14,40,000 ರೂಪಾಯಿಯಲ್ಲಿ 2,40,000 ವೇರಿಯಬಲ್ ಎಂದಿದೆ. ಆದರೆ ಅನುಬಂಧದ ಕೊನೆಯ ಸಾಲಿನಲ್ಲಿ, ಮಾರ್ಚ್ 31ಕ್ಕೆ ಕೆಲಸ ಖಾಯಂ ಆದವರಿಗೆ ಮಾತ್ರ ಇದು ಅನ್ವಯ ಎಂದು ಬರೆದಿದೆ. ನಾನು ನವೆಂಬರ್ 3ಕ್ಕೆ ಸೇರಿದರೆ ಆರು ತಿಂಗಳ ಪ್ರೊಬೇಷನ್ ಮುಗಿಯುವುದೇ ಮೇ ತಿಂಗಳಲ್ಲಿ. ಹಾಗಾದರೆ ಮಾರ್ಚ್‌ವರೆಗಿನ ಐದು ತಿಂಗಳ ಪಾಲು, ಅಂದರೆ ಸುಮಾರು ಒಂದು ಲಕ್ಷ ರೂಪಾಯಿ, ನನಗೆ ಸಿಗುವುದೇ ಇಲ್ಲವೇ? ಅಥವಾ ಖಾಯಂ ಆದ ಮೇಲೆ ಸೇರಿದ ದಿನದಿಂದ ಲೆಕ್ಕ ಹಾಕಿ ಕೊಡುತ್ತೀರಾ? ಎರಡನೆಯದಾದರೆ ಆ ಸಾಲನ್ನು ತಿದ್ದಿಸಿಕೊಡಿ.

ಈ ಮೊತ್ತದಲ್ಲಿ ನನ್ನ ಕೆಲಸಕ್ಕೆ ಎಷ್ಟು ಪಾಲು, ಕಂಪನಿಯ ಲಾಭಕ್ಕೆ ಎಷ್ಟು ಪಾಲು ಎಂಬುದೂ ಪತ್ರದಲ್ಲಿಲ್ಲ. ಬಹುತೇಕರಿಗೆ ಪೂರ್ತಿ ಬರುತ್ತದೆ ಎಂದು ನೀವು ಫೋನಿನಲ್ಲಿ ಹೇಳಿದ್ದಿರಿ. ನಿಮ್ಮ ಮಾತಿನ ಮೇಲೆ ಅನುಮಾನವಿಲ್ಲ. ಆದರೆ ಜೂನ್‌ನಲ್ಲಿ ಲೆಕ್ಕ ಹಾಕುವವರು ಬೇರೆಯವರು, ಅವರು ನೋಡುವುದು ಕಾಗದವನ್ನು. ಕಳೆದ ಎರಡು ವರ್ಷ ಈ ದರ್ಜೆಯವರಿಗೆ ಸರಾಸರಿ ಶೇಕಡಾ ಎಷ್ಟು ಕೊಟ್ಟಿದ್ದಾರೆ ಎಂದು ತಿಳಿಸಿದರೂ ಸಾಕು. ಹಣ ಕೈಸೇರುವ ಮೊದಲೇ ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯಲ್ಲಿದ್ದರೆ, ದುಡಿದು ಮುಗಿಸಿದ ವರ್ಷದ ವೇರಿಯಬಲ್ ಸಿಗುತ್ತದೆಯೇ ಎಂಬುದನ್ನೂ ತಿಳಿಸಿ.

ಪ್ರೊಬೇಷನ್ ಅವಧಿಯನ್ನು 'ಅಗತ್ಯವೆನಿಸಿದರೆ ವಿಸ್ತರಿಸಬಹುದು' ಎಂದಿದೆ. ಗರಿಷ್ಠ ಎಷ್ಟು ತಿಂಗಳು? ಅವಧಿ ಮುಗಿದರೂ ಪತ್ರ ಬರದಿದ್ದರೆ ಖಾಯಂ ಆದಂತೆ ಎಂದು ತಿಳಿಯಬಹುದೇ?

ನೋಟಿಸ್ ಷರತ್ತು ಮಾತ್ರ ನನಗೆ ಒಪ್ಪಿಗೆಯಾಗುತ್ತಿಲ್ಲ. ಪ್ರೊಬೇಷನ್‌ನಲ್ಲಿ ಕಂಪನಿ ನನ್ನನ್ನು ಬಿಡಿಸುವುದಾದರೆ 15 ದಿನ, ನಾನು ಬಿಡುವುದಾದರೆ 90 ದಿನ ಎಂದಿದೆ. ಇಬ್ಬರಿಗೂ 30 ದಿನ ಮಾಡಿಸಲು ಸಾಧ್ಯವೇ? ಖಾಯಂ ಆದ ನಂತರದ 90 ದಿನಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಹಣ ಕಟ್ಟಿ ಬೇಗ ಬಿಡುವುದಾದರೆ ಮೂಲವೇತನದ ಮೇಲೆ ಲೆಕ್ಕವೋ, ಪೂರ್ತಿ ತಿಂಗಳ ಸಂಬಳದ ಮೇಲೋ? ಉಳಿದ ಗಳಿಕೆ ರಜೆಯನ್ನು ಅದರಲ್ಲಿ ಕಳೆಯುತ್ತಾರೆಯೇ?

ಈಗಿನ ಕಚೇರಿಯಲ್ಲಿ ನನಗೆ 60 ದಿನಗಳ ನೋಟಿಸ್ ಇದೆ. ನವೆಂಬರ್ 3ಕ್ಕೆ ಸೇರಬೇಕಾದರೆ ಸೆಪ್ಟೆಂಬರ್ 1ಕ್ಕೇ ರಾಜೀನಾಮೆ ಕೊಡಬೇಕು. ಆದ್ದರಿಂದ ಈ ಶುಕ್ರವಾರದೊಳಗೆ ಇಮೇಲ್‌ನಲ್ಲಿ ಉತ್ತರ ಕೊಟ್ಟರೆ ಅನುಕೂಲ. ನೋಟಿಸ್ ಮತ್ತು ವೇರಿಯಬಲ್ ಕುರಿತ ಬದಲಾವಣೆಗಳು ಪತ್ರದಲ್ಲೇ ಬರಲಿ; ತಿದ್ದಿದ ಪ್ರತಿ ಬಂದ ದಿನವೇ ಸಹಿ ಮಾಡಿ ಕಳುಹಿಸುತ್ತೇನೆ. ಮಾತಾಡುವುದೇ ಸುಲಭವೆನಿಸಿದರೆ ಸಂಜೆ ಆರರ ನಂತರ ಕರೆ ಮಾಡಿ.

ವಂದನೆಗಳೊಂದಿಗೆ,
ರಶ್ಮಿ