ಇವತ್ತು ಮಗು ಮಿಸುಕಾಡಿತು

ಗುರುವಾರ, ರಾತ್ರಿ ಹನ್ನೊಂದು ದಾಟಿದೆ
ಕಡತದ ಪ್ರಕಾರ 19 ವಾರ 4 ದಿನ

ಮಿಸುಕಾಡಿತು. ಇದನ್ನು ಮೊದಲು ಬರೆದುಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ.

ಹೊಕ್ಕುಳಿನಿಂದ ನಾಲ್ಕು ಬೆರಳು ಕೆಳಗೆ, ಸ್ವಲ್ಪ ಎಡಕ್ಕೆ. ಎಡಮಗ್ಗುಲಾಗಿ ಮಲಗಿ ಮೊಬೈಲಿನಲ್ಲಿ ಕಚೇರಿಯ ಪತ್ರವೊಂದನ್ನು ಓದುತ್ತಿದ್ದೆ. ಒಳಗಿನಿಂದ ಒಂದು ಸಣ್ಣ ಅದುರು. ಕಣ್ಣುರೆಪ್ಪೆ ಕೆಲವೊಮ್ಮೆ ತಾನಾಗಿಯೇ ಅದುರುತ್ತದಲ್ಲ, ಬೇಡವೆಂದರೂ ನಿಲ್ಲದೆ, ಬೇಕೆಂದರೂ ಬಾರದೆ, ಅಂಥದ್ದು. ವ್ಯತ್ಯಾಸ ಇಷ್ಟೇ: ರೆಪ್ಪೆ ನನ್ನದು, ಇದು ನನ್ನದಲ್ಲ.

ಅಲ್ಲಾಡದೆ ಮಲಗಿದೆ. ಉಸಿರನ್ನೂ ಜೋರಾಗಿ ಬಿಡಲಿಲ್ಲ. ಏನೂ ಇಲ್ಲ. ಗ್ಯಾಸ್ ಇರಬೇಕು ಎಂದುಕೊಂಡೆ, ಈಚೆಗೆ ನನ್ನ ಹೊಟ್ಟೆಯಲ್ಲಿ ಆಗುವುದೆಲ್ಲ ಅದೇ ತಾನೆ. ಪತ್ರಕ್ಕೆ ಮರಳಿ ಒಂದು ಪ್ಯಾರಾ ಮುಗಿಸಿರಲಿಲ್ಲ, ಮತ್ತೆ ಅದೇ ಜಾಗದಲ್ಲಿ ತಟ್ಟಿತು. ಒಂದು, ಒಡನೆಯೇ ಇನ್ನೊಂದು. ಮೊಬೈಲು ಎದೆಯ ಮೇಲೆ ಬಿತ್ತು.

ವಾಯುವಾಗಿದ್ದರೆ ಹರಿಯುತ್ತದೆ. ಒಂದು ಕಡೆ ಹುಟ್ಟಿ ಇನ್ನೊಂದು ಕಡೆಗೆ ಸಾಗುತ್ತದೆ, ಗುಳುಗುಳು ಸದ್ದು ಮಾಡುತ್ತದೆ, ಹೋಗುವಾಗ ಹೊಟ್ಟೆ ಹಗುರಾಯಿತು ಎನ್ನಿಸುತ್ತದೆ. ಇದಕ್ಕೆ ಹಿಂದಿಲ್ಲ, ಮುಂದಿಲ್ಲ. ಇದ್ದಲ್ಲೇ ತಟ್ಟಿ ಅಲ್ಲೇ ನಿಂತಿತು. ಕಳೆದ ಒಂದೆರಡು ವಾರದಿಂದ ಇಂಥ ಅನುಮಾನಗಳು ಬಂದು ಹೋಗಿವೆ. ಆದರೆ ಯಾವುದೂ ಇಷ್ಟು ಖಚಿತವಾಗಿ ಒಂದೇ ಬಿಂದುವಿನಲ್ಲಿ ಎರಡೆರಡು ಬಾರಿ ಬಂದಿರಲಿಲ್ಲ. ಚಿಟ್ಟೆ ಎಂದವರಿದ್ದಾರೆ, ಮೀನು ಎಂದವರಿದ್ದಾರೆ. ನಾನು ಚಿಟ್ಟೆಗಾಗಿ ಕಾಯುತ್ತಾ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದೇನೆ! ಬಂದದ್ದು ಚಿಟ್ಟೆಯಷ್ಟು ಸುಂದರವಾಗಿಯೇನೂ ಇರಲಿಲ್ಲ. ಒಂದಿಷ್ಟು ವಿಚಿತ್ರವಾಗಿತ್ತು, ಒಂದು ಕ್ಷಣ ಹೆದರಿಕೆಯೂ ಆಯಿತು ಎಂದರೆ ಯಾರೂ ಮೆಚ್ಚುವುದಿಲ್ಲ. ಆದರೆ ನನ್ನ ಚರ್ಮದೊಳಗೆ ನನ್ನ ಅಪ್ಪಣೆಯಿಲ್ಲದೆ ಏನೋ ಚಲಿಸಿತು. ಹೆದರಿಕೆಯಾಗದೆ ಇನ್ನೇನಾದೀತು? ನಗು ಬಂದದ್ದು ಆಮೇಲೆ.

ಲೆಕ್ಕಪರಿಶೋಧನೆ ನನ್ನ ಕೆಲಸ. ದಾಖಲೆ ಇಲ್ಲದ್ದನ್ನು ನಂಬದಿರುವುದಕ್ಕೇ ನನಗೆ ಸಂಬಳ ಕೊಡುತ್ತಾರೆ. ಈ ಬಸಿರನ್ನೂ ಇಲ್ಲಿಯವರೆಗೆ ಹಾಗೆಯೇ ನೋಡಿಕೊಂಡು ಬಂದಿದ್ದೇನೆ. ಮೊದಲು ಪರೀಕ್ಷಾ ಪಟ್ಟಿಯ ಮೇಲೆ ಎರಡು ಗೆರೆ. ಆಮೇಲೆ ರಕ್ತಪರೀಕ್ಷೆಯ ಅಂಕಿಗಳು. ಆಮೇಲೆ ಸ್ಕ್ಯಾನಿನ ಬೂದು ಚಿತ್ರ, ಅದರ ಮೂಲೆಯಲ್ಲಿ ನನ್ನ ಹೆಸರು, ವಯಸ್ಸು. ಎಲ್ಲವೂ ಕಾಗದದ ಮೇಲಿದೆ, ಎಲ್ಲಕ್ಕೂ ಯಾರದ್ದಾದರೂ ಸಹಿ ಇದೆ. ನನಗೆ ಮಗುವಿದೆ ಎಂದು ಬೇರೆಯವರು ನನಗೆ ಹೇಳಿದ್ದಾರೆ, ನಾನು ಒಪ್ಪಿಕೊಂಡಿದ್ದೇನೆ.

ಮೊದಲ ಮೂರು ತಿಂಗಳು ವಾಂತಿಯೇ ನನ್ನ ಸಾಕ್ಷಿಯಾಗಿತ್ತು. ಬೆಳಗಾದರೆ ತಲೆ ಎತ್ತಲಾಗುತ್ತಿರಲಿಲ್ಲ. ಬಚ್ಚಲ ಬಾಗಿಲಿಗೆ ಒರಗಿ ಎಷ್ಟು ಶಪಿಸಿದ್ದೆನೋ ಲೆಕ್ಕವಿಲ್ಲ. ಹದಿನಾಲ್ಕನೆಯ ವಾರದ ಹೊತ್ತಿಗೆ ಅದು ಹೇಳದೆ ಕೇಳದೆ ನಿಂತುಹೋಯಿತು. ಎಲ್ಲರೂ ‘ಇನ್ನು ಆರಾಮ, ಇದೇ ಒಳ್ಳೆಯ ಕಾಲ’ ಎಂದರು. ನನಗೆ ಅದೇ ಅತಿ ಕೆಟ್ಟ ಕಾಲವಾಗಿತ್ತು. ವಾಂತಿಯಿಲ್ಲ, ಸುಸ್ತಿಲ್ಲ, ಹೊಟ್ಟೆಯೂ ಹೇಳಿಕೊಳ್ಳುವಷ್ಟು ಕಾಣುವುದಿಲ್ಲ, ಒಳಗೂ ಏನೂ ಗೊತ್ತಾಗುವುದಿಲ್ಲ. ಒಂದು ತಪಾಸಣೆಯಿಂದ ಇನ್ನೊಂದಕ್ಕೆ ನಾಲ್ಕು ವಾರ. ಆ ನಾಲ್ಕು ವಾರದಲ್ಲಿ ಒಳಗೆ ಎಲ್ಲವೂ ಸರಿಯಾಗಿದೆ ಎಂದು ತಿಳಿಯುವ ದಾರಿಯೇ ಇಲ್ಲ. ವೈದ್ಯೆಯ ಮೇಜಿನ ಪಕ್ಕ ಮಲಗಿ ಡಾಪ್ಲರಿನಲ್ಲಿ ಮಗುವಿನ ಎದೆಬಡಿತದ ಆ ಓಟದ ಸದ್ದು ಕೇಳಿದ ದಿನ ಹಗುರಾಗುತ್ತಿದ್ದೆ, ಮನೆಗೆ ಬರುವ ದಾರಿಯಲ್ಲೇ ಮುಂದಿನ ಚಿಂತೆ ಶುರುವಾಗುತ್ತಿತ್ತು. ಇದನ್ನು ಯಾರಿಗೂ ಸರಿಯಾಗಿ ಹೇಳಿರಲಿಲ್ಲ. ಹೇಳಿದರೆ ‘ಅಷ್ಟೆಲ್ಲ ಯೋಚಿಸಬಾರದು’ ಎನ್ನುತ್ತಾರೆ. ಯೋಚಿಸಬಾರದು ಎಂದರೆ ಯೋಚನೆ ನಿಲ್ಲುವಂತಿದ್ದರೆ!

ಕಳೆದ ವಾರದ ಸ್ಕ್ಯಾನಿನಲ್ಲಂತೂ ತಮಾಷೆಯೇ ಆಯಿತು. ಅಂಗಾಂಗಗಳನ್ನೆಲ್ಲ ಒಂದೊಂದಾಗಿ ನೋಡುವ ದೊಡ್ಡ ಸ್ಕ್ಯಾನ್ ಅದು. ಹೃದಯದ ನಾಲ್ಕು ಕೋಣೆ, ಬೆನ್ನೆಲುಬಿನ ಸಾಲು, ಎರಡು ಮೂತ್ರಪಿಂಡ. ತೊಡೆಯ ಮೂಳೆ 28 ಮಿಲಿಮೀಟರ್. ಹೃದಯ ಬಡಿತ ನಿಮಿಷಕ್ಕೆ 148. ಅಳತೆಗಳನ್ನೆಲ್ಲ ಕೇಳುವಾಗ ನನಗೆ ಸುಖವೆನಿಸಿತು, ಅಂಕಿಗಳೆಂದರೆ ನನ್ನ ಭಾಷೆ. ಆದರೆ ಪರದೆಯ ಮೇಲೆ ಅದು ಕೈ ಬೀಸುತ್ತಿತ್ತು, ಕಾಲು ಚಾಚಿ ಮಡಚುತ್ತಿತ್ತು, ಒಮ್ಮೆ ಪೂರ್ತಿ ಬೆನ್ನು ತಿರುಗಿಸಿತು. ನನಗೆ ಹೊಟ್ಟೆಯಲ್ಲಿ ಏನೂ ಇಲ್ಲ. ಏನೇನೂ ಇಲ್ಲ. ‘ಇಷ್ಟು ಕುಣಿಯುತ್ತಿದೆ, ನಿಮಗೆ ತಿಳಿಯುತ್ತಿಲ್ಲವೇ?’ ಎಂದು ಸ್ಕ್ಯಾನ್ ಮಾಡುತ್ತಿದ್ದವರೇ ಕೇಳಿದರು. ಇನ್ನಾರದೋ ಮನೆಯ ಮಗುವನ್ನು ದೂರದಿಂದ ನೋಡುತ್ತಾ ಮಲಗಿದ್ದೆ. ಆಮೇಲೆ ಅವರು ವಿವರಿಸಿದರು: ಮಾಸು ಗರ್ಭಕೋಶದ ಮುಂಭಾಗದ ಗೋಡೆಗೆ ಅಂಟಿಕೊಂಡಿದೆ, ಹೊಟ್ಟೆಯ ಚರ್ಮಕ್ಕೂ ಮಗುವಿಗೂ ನಡುವೆ ಅದು ಅಡ್ಡ ಇರುವುದರಿಂದ ಒದೆತ ತಡವಾಗಿ ತಿಳಿಯಬಹುದು, ತೊಂದರೆಯೇನಲ್ಲ, ಕೆಲವರಿಗೆ ಹಾಗೆ. ಅಡ್ಡ ಇಲ್ಲದ ಬದಿಗಳಲ್ಲಿ, ಕೆಳಗೆ, ಮೊದಲು ಗೊತ್ತಾದೀತು ಎಂದಿದ್ದರು. ಕೆಳಗೆ, ಎಡಕ್ಕೆ. ಅವರು ಹೇಳಿದ ಜಾಗದಲ್ಲೇ ಬಂತು.

ಮಗು ಇವತ್ತು ಚಲಿಸಲು ಕಲಿತದ್ದಲ್ಲ ಎನ್ನುವುದೇ ನನಗೆ ಹೆಚ್ಚು ಸೋಜಿಗ. ಏಳೆಂಟು ವಾರದ ಹೊತ್ತಿಗೇ ಭ್ರೂಣ ಅಲುಗಾಡಲು ಶುರುಮಾಡುತ್ತದಂತೆ. ಅಂದರೆ ನಾನು ಸಭೆಗಳಲ್ಲಿ ಕುಳಿತು ಆಕಳಿಸುತ್ತಿದ್ದಾಗ, ಬಸ್ಸಿನಲ್ಲಿ ತೂಕಡಿಸುತ್ತಿದ್ದಾಗ, ಏನೂ ಇಲ್ಲವೆಂದು ಕಣ್ಣು ಒದ್ದೆ ಮಾಡಿಕೊಂಡಿದ್ದಾಗ, ಅದು ತನ್ನ ಪಾಡಿಗೆ ತಾನು ಆಡಿಕೊಂಡಿತ್ತು. ಈಗ ತಲೆಯಿಂದ ಹಿಮ್ಮಡಿಯವರೆಗೆ ಸುಮಾರು 25 ಸೆಂಟಿಮೀಟರ್, ತೂಕ ಮುನ್ನೂರು ಗ್ರಾಮಿನ ಆಸುಪಾಸು. ಒಳಗೆ ಬೇಕಾದಷ್ಟು ನೀರು, ಬೇಕಾದಷ್ಟು ಜಾಗ. ಗೋಡೆಗೆ ತಾಗುವಷ್ಟು ಬೆಳೆದ ಮೇಲಷ್ಟೇ ನನಗೆ ಸುದ್ದಿ ತಲುಪಿತು.

ವಾರಗಳ ಲೆಕ್ಕದ ಬಗ್ಗೆ ನನ್ನ ತಕರಾರು ಇನ್ನೂ ಇದೆ, ಇರಲಿ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತಾರೆ. ಹಾಗಾಗಿ ಮೊದಲ ಎರಡು ವಾರ ಬಸಿರೇ ಇಲ್ಲದ ಬಸಿರು. ನನ್ನ ಲೆಕ್ಕಪತ್ರದಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದೆ.

ಇವರಿಗೆ ಹೇಳಬೇಕೋ ಬೇಡವೋ ಎಂದು ಒಂದಿಷ್ಟು ಹೊತ್ತು ಯೋಚಿಸಿದೆ. ಹೇಳಿದರೆ ಅದು ಇಬ್ಬರದ್ದಾಗುತ್ತದೆ, ಆಗಲೇಬೇಕು. ಆದರೂ ಸ್ವಲ್ಪ ಹೊತ್ತು ನನ್ನದೊಬ್ಬಳದ್ದಾಗಿರಲಿ ಎಂಬ ಜಿಪುಣತನ. ಸ್ಕ್ಯಾನಿನ ದಿನ ಇಬ್ಬರೂ ಒಂದೇ ಪರದೆ ನೋಡಿದ್ದೆವು, ನನಗೆ ಗೊತ್ತಿದ್ದದ್ದೆಲ್ಲ ಅವರಿಗೂ ಗೊತ್ತಿತ್ತು. ಇವತ್ತು ಮೊದಲ ಬಾರಿಗೆ ನನಗೆ ಒಂದು ಹೆಚ್ಚು ಗೊತ್ತು. ಇದಕ್ಕೆ ರಸೀದಿ ಇಲ್ಲ, ಸಹಿ ಇಲ್ಲ, ಪರಿಶೀಲಿಸುವವರಿಲ್ಲ. ಕೆಲಸದಲ್ಲಾದರೆ ಇಂಥ ನಮೂದನ್ನು ನಾನು ಖಂಡಿತ ಒಪ್ಪುತ್ತಿರಲಿಲ್ಲ. ಇಲ್ಲಿ ಒಪ್ಪಿಬಿಟ್ಟೆ, ಅದೂ ಎಷ್ಟು ಸಲೀಸಾಗಿ.

ಕೊನೆಗೆ ಕರೆದೆ. ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲಿಟ್ಟುಕೊಂಡೇ ಓಡಿ ಬಂದರು. ಅಂಗೈಯನ್ನು ಎಷ್ಟು ಮೆಲ್ಲಗೆ ಇಟ್ಟರೆಂದರೆ ಇಟ್ಟದ್ದೇ ನನಗೆ ತಿಳಿಯಲಿಲ್ಲ. ‘ಒತ್ತಿ ಇಡಿ, ಒಡೆಯುವುದಿಲ್ಲ’ ಎಂದೆ. ಇಬ್ಬರೂ ಕಾದೆವು. ಒಳಗಿನವರು ಸುಮ್ಮನಾಗಿಬಿಟ್ಟಿದ್ದರು. ಆಮೇಲೆ ನನಗೇ ಒಂದು ತಟ್ಟು ತಿಳಿಯಿತು, ಬಹಳ ಸಣ್ಣದು. ಇವರ ಮುಖ ನೋಡಿದೆ. ಏನೂ ಬದಲಾವಣೆಯಿಲ್ಲ. ಅರ್ಧ ನಿಮಿಷ ಬಿಟ್ಟು, ನನ್ನೊಳಗೆ ಏನೂ ಆಗದಿದ್ದಾಗ, ಕಣ್ಣರಳಿಸಿ ‘ಹ್ಞಾಂ! ಬಂತು, ಬಂತು!’ ಎಂದರು. ಅದು ನನ್ನ ಹೊಟ್ಟೆಯ ನಾಡಿಯೋ ಅವರ ಹೆಬ್ಬೆರಳಿನದೋ ದೇವರೇ ಬಲ್ಲ. ಹೊರಗಿನಿಂದ ಕೈಗೆ ಸಿಗಲು ಇನ್ನೂ ಕೆಲವು ವಾರ ಬೇಕು, ಮಾಸು ಮುಂದಿರುವ ನನ್ನಂಥವಳಿಗೆ ಇನ್ನಷ್ಟು ಹೆಚ್ಚೇ ಬೇಕಾಗಬಹುದು. ಅದನ್ನು ಹೇಳಲು ಹೋಗಲಿಲ್ಲ. ಅಷ್ಟು ಸಂತೋಷದಿಂದ ಸುಳ್ಳು ಹೇಳುವವರನ್ನು ಹಿಡಿದು ನಿಲ್ಲಿಸಬಾರದು.

ಅಮ್ಮನಿಗೂ ಫೋನು ಮಾಡಿದೆ, ಮಲಗಿದ್ದಳು. ‘ಹೌದೇನೇ? ಎಲ್ಲಿ? ಬಲಕ್ಕೋ ಎಡಕ್ಕೋ?’ ಎಂದಳು. ಎಡಕ್ಕೆ ಎಂದೆ. ‘ನೀನು ಬಲಕ್ಕಿದ್ದೆ, ಪಕ್ಕೆಲುಬಿಗೆ ಒದ್ದು ಒದ್ದು ಉಸಿರಾಡಲು ಬಿಡುತ್ತಿರಲಿಲ್ಲ’ ಎಂದು ಹಳೆಯ ದೂರನ್ನು ಹೊಸದಾಗಿ ಸಲ್ಲಿಸಿದಳು. ಮೂವತ್ತು ವರ್ಷವಾದರೂ ಜಾಗ ನೆನಪಿದೆ. ಅಕ್ಕನಿಗೆ ನಾಳೆ ಹೇಳುತ್ತೇನೆ. ಅವಳಿಗೆ ಎರಡನೆಯದರಲ್ಲಿ ಹದಿನಾರನೆಯ ವಾರಕ್ಕೇ ತಿಳಿದಿತ್ತಂತೆ. ನನಗೆ ಹದಿನಾರನೆಯ ವಾರ ಬಂದಂದಿನಿಂದ ವಾರ ವಾರವೂ ‘ಇನ್ನೂ ಇಲ್ಲವೇ?’ ಎಂದು ಕೇಳಿ ನನ್ನ ಜೀವ ತಿಂದಿದ್ದಾಳೆ. ಒಮ್ಮೆ ಅನುಭವಿಸಿದವರಿಗೆ ಬೇಗ ಗುರುತು ಸಿಗುತ್ತದೆ, ಚೊಚ್ಚಲಿನವರಿಗೆ ಹದಿನೆಂಟರಿಂದ ಇಪ್ಪತ್ತು ವಾರ, ಅದಕ್ಕಿಂತ ತಡವೂ ಆಗಬಹುದು ಎಂದು ವೈದ್ಯೆ ಹೇಳಿದ್ದನ್ನು ಅವಳಿಗೆ ಎಷ್ಟು ಬಾರಿ ಹೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಇಪ್ಪತ್ತನಾಲ್ಕು ವಾರವಾದರೂ ಏನೂ ತಿಳಿಯದಿದ್ದರೆ ಬಂದು ತೋರಿಸಿ ಎಂದಿದ್ದರು. ಆ ದಿನಾಂಕಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೆ. ಈಗಷ್ಟೇ ಹೋಗಿ ಅಳಿಸಿ ಬಂದೆ.

ನಾಳೆ ಮತ್ತೆ ಬಾರದೆ ಇರಬಹುದು. ಇದನ್ನು ಇಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಡಬೇಕು, ನಾಳೆಯ ನನಗಾಗಿ. ಈ ಹಂತದಲ್ಲಿ ಚಲನೆಗೆ ಹೊತ್ತುಗೊತ್ತು ಇರುವುದಿಲ್ಲ. ಅದು ಮಲಗಿರಬಹುದು, ಬೆನ್ನಿನ ಕಡೆಗೆ ಮುಖ ಮಾಡಿ ಒದೆಯುತ್ತಿರಬಹುದು, ಮಾಸಿಗೇ ಒದೆಯುತ್ತಿರಬಹುದು, ಅಥವಾ ನಾನೇ ಓಡಾಟದಲ್ಲಿ ಗಮನಿಸದೆ ಇರಬಹುದು. ದಿನವೂ ಒಂದು ಕ್ರಮದಲ್ಲಿ ತಿಳಿಯಲು ಇನ್ನೂ ಸಮಯವಿದೆ. ಕ್ರಮ ಗೊತ್ತಾದ ಮೇಲೆ ಅದು ತಗ್ಗಿದರೆ ಮಾತ್ರ ತಡಮಾಡದೆ ಅವತ್ತೇ ಹೋಗಬೇಕು, ಬೆಳಗಾಗಲಿ ಎಂದು ಕಾಯಬಾರದು. ಇವತ್ತಿನಿಂದಲೇ ಪುಸ್ತಕದಲ್ಲಿ ಕೋಷ್ಟಕ ಹಾಕಿ ಎಣಿಸಲು ಕೂರಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಕೋಷ್ಟಕದ ಗೆರೆಗಳನ್ನು ಆಗಲೇ ಎಳೆದಾಗಿದೆ ಎನ್ನುವುದು ಬೇರೆ ಮಾತು.

ಮುಂದಿನ ತಪಾಸಣೆಯಲ್ಲಿ ಕೇಳಬೇಕಾದದ್ದು:

ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ಏನು ಮಾಡಬೇಕು. ಬಲಮಗ್ಗುಲಾಗಿ ಮಲಗಿದರೆ ತೊಂದರೆಯೇ, ಎಡಗಡೆಯ ತೋಳು ಜೋಮು ಹಿಡಿಯುತ್ತಿದೆ. ಕಬ್ಬಿಣಾಂಶದ ಮಾತ್ರೆಯನ್ನು ಊಟಕ್ಕೆ ಮುಂಚೆಯೋ ನಂತರವೋ, ಕಳೆದ ಬಾರಿ ಹೇಳಿದ್ದು ಮರೆತಿದೆ. ಸ್ಕ್ಯಾನಿನ ವರದಿಯ ಎರಡನೆಯ ಪುಟದಲ್ಲಿ ವಾರಗಳ ಮೊತ್ತ ಒಂದು ದಿನ ಹೆಚ್ಚು ಬಂದಿದೆ, ತಿದ್ದಿಸಬೇಕು.