ಸಾಲ ವಿಭಾಗದ ಸಹಾಯಕಿಯವರ ಕಲಿಕಾ ಯೋಜನೆ: ಮೇ–ಜುಲೈ 2025

ದಿನಾಂಕ: 2-5-2025
ಶಾಖಾ ವ್ಯವಸ್ಥಾಪಕರಿಂದ

ಮಾನ್ಯರೆ,

2024–25ರ ಮೌಲ್ಯಮಾಪನದಲ್ಲಿ ನಿಮಗೆ ಮೂರು ಬಾಬತ್ತುಗಳಲ್ಲಿ ಐದಕ್ಕೆ ಎರಡೇ ಅಂಕ ಬಂದಿದೆ: ಕೆವೈಸಿ ಪರಿಶೀಲನೆ, ಸುಸ್ತಿ ಸಾಲದ ನಿಗಾ, ಕೌಂಟರ್ ಕೆಲಸದ ವೇಗ. ಬರೀ ಅಂಕ ನೋಡಿ ಏನು ಕಲಿಯಬೇಕೆಂದು ಹೇಳಲಾಗದು. ಆದ್ದರಿಂದ ಜನವರಿಯಿಂದ ಮಾರ್ಚ್‌ವರೆಗಿನ ನಿಮ್ಮ ಕಡತಗಳನ್ನು ಬಿಡಿಬಿಡಿಯಾಗಿ ನೋಡಿದ್ದೇನೆ.

ಪ್ರಧಾನ ಕಚೇರಿಯಿಂದ ವಾಪಸಾದ ಒಂಬತ್ತು ಕೆವೈಸಿ ಕಡತಗಳಲ್ಲಿ ಏಳರದ್ದು ಒಂದೇ ಲೋಪ. ಆಧಾರ್‌ನಲ್ಲಿ ಹಳೆಯ ವಿಳಾಸವಿದ್ದವರಿಂದ ನೀವು ಎರಡು ತಿಂಗಳೊಳಗಿನ ವಿದ್ಯುತ್ ಬಿಲ್ ಪಡೆದಿದ್ದೀರಿ, ಅದು ಸರಿ. ಆದರೆ ಮೂರು ತಿಂಗಳೊಳಗೆ ಹೊಸ ವಿಳಾಸದ ಅಧಿಕೃತ ದಾಖಲೆ ತರಿಸಿಕೊಳ್ಳುವುದು ಬಿಟ್ಟುಹೋಗಿದೆ. ದಾಖಲೆ ಗುರುತಿಸಲು ನಿಮಗೆ ಬರುತ್ತದೆ, ಇಡೀ ದಿನದ ಕೆವೈಸಿ ತರಬೇತಿ ಬೇಡ. ವಾಯಿದೆ ಪುಸ್ತಕವೊಂದನ್ನು ಇಟ್ಟು, ಪ್ರತಿ ಸೋಮವಾರ ನೋಡುವ ರೂಢಿ ಬೇಕು. ಅದನ್ನು ಲೆಕ್ಕಿಗರು ತೋರಿಸಿಕೊಡುತ್ತಾರೆ.

ಸುಸ್ತಿ ಸಾಲದಲ್ಲಿ ಮಾತ್ರ ನಿಜವಾದ ಕಲಿಕೆಯ ಅಗತ್ಯವಿದೆ. ಒಂದು ವಾಹನ ಸಾಲ 90 ದಿನ ಮೀರಿ ಎನ್‌ಪಿಎ ಆಗಿತ್ತು. ಸಾಲಗಾರರು ಬಾಕಿಯಿದ್ದ ನಾಲ್ಕು ಕಂತುಗಳಲ್ಲಿ ಒಂದನ್ನು ಕಟ್ಟಿದ ದಿನವೇ ನೀವು ಅವರನ್ನು ಪಟ್ಟಿಯಿಂದ ತೆಗೆದಿರಿ. ಅಸಲು, ಬಡ್ಡಿ ಎರಡರ ಬಾಕಿಯೂ ಪೂರ್ತಿ ತೀರುವವರೆಗೆ ಆ ಖಾತೆಯನ್ನು ಮತ್ತೆ ಉತ್ತಮ ಸಾಲವೆಂದು ಪರಿಗಣಿಸುವಂತಿಲ್ಲ. ಇನ್ನೆರಡು ಖಾತೆಗಳಲ್ಲಿ ದಿನ ಎಣಿಸಿರುವುದು ನೋಟಿಸ್ ಕಳುಹಿಸಿದ ದಿನಾಂಕದಿಂದ. ಎಣಿಸಬೇಕಾದ್ದು ಕಂತಿನ ವಾಯಿದೆ ದಿನದಿಂದ. ಮೇ 7 ಮತ್ತು 14ರ ಬುಧವಾರ ಮಧ್ಯಾಹ್ನ ವಸೂಲಿ ಅಧಿಕಾರಿಗಳು ನಮ್ಮದೇ ಶಾಖೆಯ ಖಾತೆಗಳನ್ನು ಇಟ್ಟುಕೊಂಡು ಇದನ್ನು ಕಲಿಸುತ್ತಾರೆ. ಆ ಹೊತ್ತಿನಲ್ಲಿ ನಿಮ್ಮ ಕೌಂಟರ್ ನಾನು ನೋಡಿಕೊಳ್ಳುತ್ತೇನೆ.

ಕೌಂಟರ್ ವಿಳಂಬವನ್ನು ಈ ಯೋಜನೆಗೆ ಸೇರಿಸಿಲ್ಲ. ಎರಡು ಕೌಂಟರ್‌ಗಳಿಗೆ ಒಂದೇ ಪಾಸ್‌ಬುಕ್ ಪ್ರಿಂಟರ್ ಇರುವಾಗ ಯಾರನ್ನು ಕೂರಿಸಿದರೂ ಸಾಲು ಬೆಳೆಯುತ್ತದೆ. ಹೊಸ ಪ್ರಿಂಟರ್‌ಗೆ ಬೇಡಿಕೆ ಸಲ್ಲಿಸಿದ್ದೇನೆ. ಆ ಅಂಕವನ್ನು ಮರುಪರಿಶೀಲಿಸುವಂತೆಯೂ ಬರೆದಿದ್ದೇನೆ.

ಮೊದಲ ತಪಾಸಣೆ ಮೇ 16ರಂದು: ಐದು ಹಳೆಯ ಖಾತೆಗಳ ವರ್ಗೀಕರಣವನ್ನು ಗಣಕಯಂತ್ರ ನೋಡದೆ, ಕಾರಣ ಸಹಿತ ಬರೆಯಬೇಕು. ಜೂನ್ 13ರಂದು ವಾಯಿದೆ ಪುಸ್ತಕ ನೋಡುತ್ತೇನೆ. ಗಡುವು ಸಮೀಪಿಸಿದ ಪ್ರತಿಯೊಬ್ಬ ಗ್ರಾಹಕರಿಗೂ ಕರೆ ಮಾಡಿದ ದಿನಾಂಕ ಅದರಲ್ಲಿರಬೇಕು. ಜುಲೈ 18ರಂದು, ಜೂನ್ ಅಂತ್ಯದ ಸುಸ್ತಿ ಪಟ್ಟಿಯನ್ನು ನೀವೇ ತಯಾರಿಸಿ ತರಬೇಕು. ವಸೂಲಿ ವಿಭಾಗದ ಪಟ್ಟಿಯೊಂದಿಗೆ ಅದನ್ನು ತಾಳೆ ನೋಡೋಣ. ಮೇ 16ರಂದು ಮೂರಕ್ಕಿಂತ ಕಡಿಮೆ ಸರಿಯಾದರೆ ಅದೇ ಪಾಠ ಮತ್ತೆ ಬೇಡ. ಒಂದು ವಾರ ವಸೂಲಿ ಅಧಿಕಾರಿಗಳ ಪಕ್ಕದಲ್ಲೇ ಕುಳಿತು ಕೆಲಸ ಮಾಡುವಿರಿ.

ಗ್ರಾಹಕರೊಂದಿಗಿನ ನಡವಳಿಕೆಯಲ್ಲಿ ನಿಮಗೆ ಐದಕ್ಕೆ ಐದು ಬಂದಿದೆ. ಸುಸ್ತಿದಾರರೊಂದಿಗೆ ಮಾತನಾಡುವಾಗ ಅದು ದೊಡ್ಡ ಬಲ.

ಒಪ್ಪಿಗೆಯಾಗದ ಅಂಶವಿದ್ದರೆ ಮೇ 6ರೊಳಗೆ ಬರೆದು ಕೊಡಿ. ತಿದ್ದಿದ ಪ್ರತಿಗೆ ಇಬ್ಬರೂ ಸಹಿ ಮಾಡೋಣ.