ಕ್ಯಾಂಪಿನ ಶಿಶುವಿಹಾರ: 2026–27ರ ಆಯವ್ಯಯ ಅಂದಾಜು

ಸಲ್ಲಿಕೆ: ಮಹಿಳಾ ಸಂಘ, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ
ಮಕ್ಕಳು: 20 (3ರಿಂದ 6 ವರ್ಷ). ಕೆಲಸದ ದಿನ: 300

ಊರಿನ ಅಂಗನವಾಡಿ ಕಾಲುವೆಯ ಆಚೆ 3 ಕಿ.ಮೀ. ದೂರದಲ್ಲಿದೆ. ನಾಟಿಗೆ ಹೋಗುವ ತಾಯಂದಿರು ಬೆಳಗ್ಗೆ ಅಷ್ಟು ದೂರ ಮಗುವನ್ನು ಬಿಟ್ಟು ಬರಲಾಗದು. ಅದಕ್ಕೇ ಕ್ಯಾಂಪಿನೊಳಗೇ ಈ ಕೇಂದ್ರ.

1. ಪೌಷ್ಟಿಕ ಆಹಾರ: ₹98,200
ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12–15 ಗ್ರಾಂ ಪ್ರೋಟೀನ್ ಸಿಗಬೇಕೆಂಬುದು ನಮ್ಮ ಗುರಿ. ಒಂದು ಮಗುವಿನ ದಿನದ ಲೆಕ್ಕ:

| ಸಾಮಗ್ರಿ | ಪ್ರಮಾಣ | ₹ |
|---|---|---|
| ಅಕ್ಕಿ | 60 ಗ್ರಾಂ | 3.00 |
| ತೊಗರಿಬೇಳೆ | 20 ಗ್ರಾಂ | 2.60 |
| ಉಪ್ಪಿಟ್ಟಿನ ರವೆ | 25 ಗ್ರಾಂ | 1.20 |
| ಶೇಂಗಾ ಚಿಕ್ಕಿ | 20 ಗ್ರಾಂ | 2.80 |
| ಸೊಪ್ಪು, ತರಕಾರಿ | 50 ಗ್ರಾಂ | 2.00 |
| ಎಣ್ಣೆ, ಉಪ್ಪು, ಮಸಾಲೆ | | 1.10 |
| ಒಟ್ಟು | | 12.70 |

20 ಮಕ್ಕಳಿಗೆ 300 ದಿನಕ್ಕೆ ₹76,200. ವಾರಕ್ಕೆರಡು ಮೊಟ್ಟೆಯಂತೆ ವರ್ಷಕ್ಕೆ 2,000 ಮೊಟ್ಟೆ, ತಲಾ ₹6.50ರಂತೆ ₹13,000. ಗ್ಯಾಸ್ 10 ಸಿಲಿಂಡರಿಗೆ ₹9,000. ದರ ಏರಿದರೆ ಬೇರೆ ಯಾವ ಬಾಬ್ತಿನಿಂದಾದರೂ ಹಣ ತೆಗೆಯುತ್ತೇವೆ, ಮೊಟ್ಟೆ ನಿಲ್ಲಿಸುವುದಿಲ್ಲ.

2. ಗೌರವಧನ: ₹1,90,000
ಶಿಕ್ಷಕಿಗೆ ತಿಂಗಳಿಗೆ ₹9,000 (₹1,08,000). ಸಹಾಯಕಿಗೆ ತಿಂಗಳಿಗೆ ₹6,500 (₹78,000). ನಾಟಿ ಜೋರಿರುವ ಜುಲೈ, ಆಗಸ್ಟ್, ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ 7ಕ್ಕೇ ಬಾಗಿಲು ತೆರೆಯಬೇಕು, ಆ ನಾಲ್ಕು ತಿಂಗಳಿಗೆ ಸಹಾಯಕಿಗೆ ತಲಾ ₹1,000 ಹೆಚ್ಚು (₹4,000). ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಅಡುಗೆ, ಪಾತ್ರೆ, ಒದ್ದೆಯಾದ ಚಡ್ಡಿ ಬದಲಿಸುವುದು ಎಲ್ಲ ಆಕೆಯ ಕೈಯಲ್ಲೇ ನಡೆಯುತ್ತದೆ. ಆಕೆ ಬಾರದ ದಿನ ಒಲೆ ಹೊತ್ತುವುದಿಲ್ಲ. ಈ ಮೊತ್ತವನ್ನು ಇಳಿಸಬೇಡಿ ಎಂದು ವಿಶೇಷವಾಗಿ ಕೋರುತ್ತೇವೆ.

3. ಆಟಿಕೆ, ಕಲಿಕಾ ಸಾಮಗ್ರಿ: ₹10,100
ಮರದ ಬ್ಲಾಕು 3 ಸೆಟ್ ₹3,600, ಸ್ಲೇಟು 25ಕ್ಕೆ ₹1,500, ಚಿತ್ರಪುಸ್ತಕ 40ಕ್ಕೆ ₹2,000, ಚೆಂಡು, ಹಗ್ಗ ₹1,200, ಬಣ್ಣ, ಬಳಪ, ಜೇಡಿಮಣ್ಣು ₹1,800. ಬ್ಯಾಟರಿ ಆಟಿಕೆ ಬೇಡ, ಕೆಟ್ಟರೆ ಇಲ್ಲಿ ರಿಪೇರಿ ಮಾಡುವವರಿಲ್ಲ.

4. ಬಾಡಿಗೆ: ₹24,000
ಪಡಸಾಲೆಯಿರುವ ಒಂದು ಕೋಣೆಗೆ ತಿಂಗಳಿಗೆ ₹1,800, ಕರೆಂಟು, ನೀರಿಗೆ ₹200.

5. ಮೇಲ್ವಿಚಾರಣೆ: ₹8,000
ತಿಂಗಳಿಗೊಂದು ಭೇಟಿ, ಬಸ್ಸು, ಆಟೊ ಹಾಗೂ ಭತ್ಯೆ ಸೇರಿ ₹400 (₹4,800). ತೂಕದ ಯಂತ್ರ, ಎತ್ತರದ ಅಳತೆಪಟ್ಟಿ ₹3,200. ಬಂದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಹೋದರೆ ಸಾಲದು. ಅಂದಿನ ಊಟ ರುಚಿ ನೋಡಬೇಕು, ದಾಸ್ತಾನು ಎಣಿಸಬೇಕು, ತೂಕ ಇಳಿದ ಮಗುವಿನ ಮನೆಗೆ ಹೋಗಬೇಕು.

6. ಔಷಧಿ, ಸೋಪು, ಸಣ್ಣಪುಟ್ಟ ರಿಪೇರಿ: ₹4,700

ಒಟ್ಟು ವೆಚ್ಚ: ₹3,35,000

ನಮ್ಮ ಪಾಲು: ಸಂಘದ ಉಳಿತಾಯ ₹60,000, ಪಾಲಕರಿಂದ ಮಗುವಿಗೆ ತಿಂಗಳಿಗೆ ₹50ರಂತೆ ₹12,000, ಕ್ಯಾಂಪಿನ ರೈತರು ಕೊಡುವ 360 ಕೆ.ಜಿ. ಅಕ್ಕಿಯ ಬೆಲೆ ₹18,000.

ತಮ್ಮ ಟ್ರಸ್ಟಿನಿಂದ ಕೋರುವ ನೆರವು: ₹2,45,000. ಜೂನ್ ಮೊದಲ ವಾರದೊಳಗೆ ಅರ್ಧ ಕೈಸೇರಿದರೆ ಮುಂಗಾರು ನಾಟಿಗೆ ಮುನ್ನ ದಾಸ್ತಾನು ಮಾಡಿಕೊಳ್ಳುತ್ತೇವೆ.